ಲಿಫ್ಟ್ ಪಕ್ಕದ ಒಂದು ಹಾಳೆ

ಚವತಿ ಮುಗಿದ ಮರುವಾರ ನಮ್ಮ ಬಿಲ್ಡಿಂಗಿನ ಸೊಸೈಟಿಗೆ ಚುನಾವಣೆ. ನಮ್ಮದು ಕಾರವಾರದ ಕೋಡಿಬಾಗದ ಕಡೆ, ಸಮುದ್ರದ ಗಾಳಿ ನೇರ ಬಡಿಯುವ ಜಾಗ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಒಟ್ಟು 24 ಮನೆ. ಕಾರ್ಯದರ್ಶಿ ಸ್ಥಾನಕ್ಕೆ ಈ ಸಲ ಇಬ್ಬರು. ಒಬ್ಬ ನಾನು. ಇನ್ನೊಬ್ಬರು ನಮ್ಮ ಎದುರು ಮನೆಯ ಮಾಸ್ತರು, ಈಗಿನ ಕಾರ್ಯದರ್ಶಿ. ಅವರ ಬಾಗಿಲಿಗೂ ನಮ್ಮ ಬಾಗಿಲಿಗೂ ಐದೇ ಹೆಜ್ಜೆ. ಒಳ್ಳೆಯ ಬಂಗಡೆ ಸಿಕ್ಕ ದಿನ ಅವರ ಮನೆಯಿಂದ ಪಾತ್ರೆ ಈ ಕಡೆ ಬರುತ್ತದೆ, ಪತ್ರೊಡೆ ಮಾಡಿದ ದಿನ ನಮ್ಮ ಪಾತ್ರೆ ಆ ಕಡೆ ಹೋಗುತ್ತದೆ. ಚುನಾವಣೆ ಅಂತ ಈ ಪಾತ್ರೆಗಳ ಓಡಾಟ ನಿಲ್ಲಿಸಲು ನಾನಂತೂ ತಯಾರಿರಲಿಲ್ಲ.

ನಿಯಮ ಇಷ್ಟೇ. ಅಭ್ಯರ್ಥಿಗೆ ಒಂದು ಹಾಳೆ. ಏನು ಮಾಡುತ್ತೀರಿ, ಏನು ಮಾಡಿದ್ದೀರಿ ಅಂತ ಬರೆದು ಲಿಫ್ಟಿನ ಪಕ್ಕದ ಬೋರ್ಡಿಗೆ ಅಂಟಿಸಬೇಕು. ಯಾರನ್ನೂ ಬೈಯಬಾರದು. ಅಲ್ಲಿ ನಿಂತು ಓದುವವರಿಗೆ ಎಷ್ಟು ಹೊತ್ತು ಇರುತ್ತದೆ ಅಂತ ಒಂದು ದಿನ ಲೆಕ್ಕ ಹಾಕಿದೆ. ಲಿಫ್ಟ್ ನಾಲ್ಕನೇ ಮಹಡಿಯಿಂದ ಇಳಿದು ಬಾಗಿಲು ತೆರೆಯುವಷ್ಟು ಹೊತ್ತು, ಅಂದರೆ ಅರ್ಧ ನಿಮಿಷ. ಕೈಯಲ್ಲಿ ಮೀನಿನ ಚೀಲ ಇದ್ದರೆ ಅದೂ ಇಲ್ಲ.

ಬೈಯಬಾರದು ಅನ್ನುವುದು ಸುಲಭದ ಮಾತು ಅಂದುಕೊಂಡು ಕೂತೆ. ಮೊದಲ ಸಾಲು ಬರೆದೆ: "ಇನ್ನಾದರೂ ಲೆಕ್ಕಪತ್ರ ಸರಿಯಾಗಿ ಇಡೋಣ." ಎಷ್ಟು ಸಭ್ಯವಾದ ಸಾಲು ಅಲ್ವಾ? ಹೆಂಡತಿ ಓದಿ, "ಮಾಸ್ತರು ಕಳ್ಳರು ಅಂತ ನೇರವಾಗೇ ಬರೀರಲ್ಲ" ಅಂದಳು. ನಾನು ಹಾಗೆಲ್ಲಿ ಬರೆದೆ? ಮತ್ತೆ ಓದಿದಾಗ ಗೊತ್ತಾಯಿತು. ಕಿಡಿಗೇಡಿತನ ಎಲ್ಲ ಆ "ಆದರೂ" ಒಳಗೆ ಕೂತಿತ್ತು. ಅದನ್ನು ಹೊಡೆದು ಹಾಕಿದರೆ "ಸರಿಯಾಗಿ" ಉಳಿಯಿತು, ಅದೂ ಅದೇ ಕೆಲಸ ಮಾಡುತ್ತದೆ. "ನಾನು ಲೆಕ್ಕ ಕೊಡುತ್ತೇನೆ" ಅಂದರೆ ಪರವಾಗಿಲ್ಲ, "ನಾನಾದರೆ ಲೆಕ್ಕ ಕೊಡುತ್ತೇನೆ" ಅಂದರೆ ಎದುರು ಮನೆಯ ಬಾಗಿಲು ಮುಚ್ಚಿತು ಅಂತಲೇ ಅರ್ಥ. ನಮ್ಮ ಭಾಷೆಯಲ್ಲಿ ಬೈಗುಳಕ್ಕೆ ದೊಡ್ಡ ಪದವೇ ಬೇಕಿಲ್ಲ, ಬಾಲದಂತೆ ಒಂದು ಅಕ್ಷರ ಅಂಟಿಸಿದರೆ ಸಾಕು.

ಆಮೇಲೆ "ಪಾರದರ್ಶಕ ಆಡಳಿತ" ಅಂತ ಬರೆದೆ. ಅದಕ್ಕೆ ಮಗ ನಕ್ಕ. "ಅಪ್ಪಾ, ನಮ್ಮ ಟೆರೇಸೇ ಪಾರದರ್ಶಕ ಆಗಿದೆ, ಮಳೆ ಕೆಳಗಿಂದಲೇ ಕಾಣ್ತದೆ" ಅಂದ.

ಕೊನೆಗೆ ನನಗೆ ಹೊಳೆದದ್ದು ಬಹಳ ಸಾದಾ ಉಪಾಯ. ಒಂದು ತಾರೀಖು ಹಾಕಿದರೆ ಚುಚ್ಚು ತಾನೇ ಹೋಗುತ್ತದೆ. "ತಿಂಗಳ ಜಮಾ-ಖರ್ಚನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಈ ಬೋರ್ಡಿಗೆ ಅಂಟಿಸುತ್ತೇನೆ." ಇದರಲ್ಲಿ ಹಿಂದೆ ಯಾರು ಏನು ಮಾಡಿದರು ಅನ್ನುವುದಕ್ಕೆ ಜಾಗವೇ ಇಲ್ಲ. 11ನೇ ತಾರೀಖು ಬೋರ್ಡ್ ಖಾಲಿ ಇದ್ದರೆ ಮರ್ಯಾದೆ ಹೋಗುವುದು ನನ್ನದೇ.

ಇನ್ನು ಟೆರೇಸ್. ಹಾಳೆಯ ಮುಖ್ಯ ವಿಷಯ ಅದೇ. "ಸೋರಿಕೆಗೆ ಶಾಶ್ವತ ಪರಿಹಾರ" ಅಂತ ಬರೆಯಲು ಕೈ ತುರಿಸುತ್ತಿತ್ತು. ಆದರೆ ಕಾರವಾರದಲ್ಲಿ ಶಾಶ್ವತ ಅನ್ನುವ ಪದವನ್ನು ಬಳಿಯುವ ಬಣ್ಣದ ಬಗ್ಗೆ ಹೇಳಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಲ್ಯಾಬ್ ನೆನೆದೇ ಇರುತ್ತದೆ. ಉಪ್ಪಿನ ಗಾಳಿ ಇದೆ. ಸಣ್ಣ ಬಿರುಕಿನಲ್ಲಿ ಉಪ್ಪು ಬೆರೆತ ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಹಾಗಾಗಿ ಉಬ್ಬಿ ಕಾಂಕ್ರೀಟನ್ನೇ ಒಡೆದು ಹೊರಗೆ ತಳ್ಳುತ್ತದೆ. ನಮ್ಮ ಮಲಗುವ ಕೋಣೆಯ ಸೀಲಿಂಗಿನಲ್ಲಿ ಗೆರೆ ಎಳೆದ ಹಾಗೆ ಒಂದು ಕಂದು ಕಲೆ ಇದೆ. ಕೋಲಿನಿಂದ ಬಡಿದರೆ ಅಲ್ಲಿ ಟೊಳ್ಳು ಸದ್ದು. ಅದರ ಮೇಲೆ ಸುಣ್ಣ ಬಳಿದರೆ ಒಂದು ಮಳೆಗಾಲ ಮಾತ್ರ ಕಾಣುವುದಿಲ್ಲ. ಸಡಿಲವಾದದ್ದನ್ನು ಕೆತ್ತಿ, ಕಬ್ಬಿಣವನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ತಡೆಯುವ ಲೇಪ ಕೊಟ್ಟು, ಆಮೇಲೆ ಗಾರೆ ಮೆತ್ತಬೇಕು. ಮೇಲಿನಿಂದ ನೀರು ನಿಲ್ಲಿಸದೆ ಇದನ್ನು ಮಾಡಿದರೆ ಅದೂ ವ್ಯರ್ಥ.

ಎಲ್ಲ ಒದ್ದೆಯೂ ಟೆರೇಸಿನದಲ್ಲ ಅನ್ನುವುದು ಇನ್ನೊಂದು ಮಾತು. ಮಳೆ ಬಂದಾಗ ಒದ್ದೆಯಾಗಿ, ಬಿಸಿಲು ಬಿದ್ದ ಮೇಲೆ ಮೆಲ್ಲಗೆ ಒಣಗಿದರೆ ಅನುಮಾನ ಟೆರೇಸಿನ ಮೇಲೆ. ಜನವರಿಯಲ್ಲೂ ಒದ್ದೆ ಇದ್ದರೆ ಅದು ಯಾವುದೋ ಪೈಪಿನ ಕೆಲಸ, ಟೆರೇಸಿಗೆ ಎಷ್ಟು ದುಡ್ಡು ಸುರಿದರೂ ನಿಲ್ಲುವುದಿಲ್ಲ. ಹೀಗಾಗಿ ಮೊದಲು ನಾಲ್ಕನೇ ಮಹಡಿಯ ಆರು ಮನೆಯ ಸೀಲಿಂಗ್ ನೋಡಿ ಪಟ್ಟಿ ಮಾಡಬೇಕು ಅಂತ ಬರೆದೆ. ಮೇಲೆ ತಗಡಿನ ಮಾಡು ಹಾಕಿಸಿಬಿಡಿ ಅನ್ನುವವರೂ ಇದ್ದಾರೆ, ಕರಾವಳಿಯವರ ಮೊದಲ ಮಾತೇ ಅದು. ಆದರೆ ಅದಕ್ಕೆ ದುಡ್ಡು ಹೆಚ್ಚು, ಗಾಳಿಗೆ ಹಾರದಂತೆ ಬಿಗಿಯಬೇಕು, ನಗರಸಭೆಯನ್ನೂ ಕೇಳಬೇಕು. ಅರ್ಧ ನಿಮಿಷದ ಹಾಳೆಯಲ್ಲಿ ಅದು ಬೇಡ ಅಂತ ಬಿಟ್ಟೆ.

ತಾರೀಖು ಇಲ್ಲೂ ಬೇಕಾಯಿತು. ಅಕ್ಟೋಬರ್‌ನಲ್ಲೇ, ಗೆದ್ದ ಉತ್ಸಾಹಕ್ಕೆ ಕೆಲಸ ಹಿಡಿದರೆ ಸ್ಲ್ಯಾಬ್ ಇನ್ನೂ ಹಸಿ, ಬಳಿದದ್ದು ಏಪ್ರಿಲ್‌ನಲ್ಲಿ ಹಪ್ಪಳದ ಹಾಗೆ ಏಳುತ್ತದೆ. ನವೆಂಬರ್‌ನಲ್ಲಿ ಮೂರು ಕೊಟೇಶನ್, ಡಿಸೆಂಬರ್ ಒಣಗಲು, ಜನವರಿಯಲ್ಲಿ ಕೆಲಸ. ಮುಗಿದ ಮೇಲೆ ಟೆರೇಸಿನ ನೀರು ಹೋಗುವ ತೂತುಗಳನ್ನು ಮುಚ್ಚಿ, ಎರಡು ಬೆರಳು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಿನ ಸೀಲಿಂಗ್ ನೋಡಬೇಕು. ಅದು ಒಣಗಿದ್ದರೆ ಮಾತ್ರ ಕಂತ್ರಾಟುದಾರನಿಗೆ ಕೊನೆಯ ಕಂತು. ಈ ಒಂದು ಪರೀಕ್ಷೆ ಬರೆದಿದ್ದಕ್ಕೆ ಹಾಳೆಗೆ ತೂಕ ಬಂತು ಅಂತ ನನಗೇ ಅನ್ನಿಸಿತು.

ದುಡ್ಡಿನ ವಿಷಯ ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಕನಸು. ನಾನು ಅಂದಾಜು ಕೇಳಿ ಬಂದಿದ್ದು 3,36,000 ರೂಪಾಯಿ. ಸೊಸೈಟಿಯ ಠೇವಣಿಯಿಂದ 1,20,000 ತೆಗೆದರೆ ಉಳಿದದ್ದು 2,16,000. ನಮ್ಮಲ್ಲಿ ಎಲ್ಲ ಮನೆಯೂ ಒಂದೇ ಅಳತೆ, ಹಾಗಾಗಿ ಭಾಗಾಕಾರ ಸುಲಭ. ಮನೆಗೆ 9,000, ತಿಂಗಳಿಗೆ 1,500ರಂತೆ ಆರು ಕಂತು. ಇದನ್ನು ಬರೆದ ಕೂಡಲೇ ಮೊದಲ ಮಹಡಿಯವರ ಮುಖ ಕಣ್ಣ ಮುಂದೆ ಬಂತು. ಟೆರೇಸ್ ನಿಮ್ಮದು, ದುಡ್ಡು ನಮ್ಮದಾ? ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯ್ದೆಯಲ್ಲಿ ಛಾವಣಿ ಎಲ್ಲರಿಗೂ ಸೇರಿದ ಭಾಗಗಳ ಪಟ್ಟಿಯಲ್ಲೇ ಇದೆ, ಪಾಯ ಕಂಬಗಳ ಹಾಗೆ. ನಾನು ಕಾಯ್ದೆ ತೋರಿಸಲು ಹೊರಟರೆ ಜಗಳ ಶುರು. ಅದರ ಬದಲು ಒಂದು ಸಾಲು ಸೇರಿಸಿದೆ: ನಾನೇ ನಾಲ್ಕನೇ ಮಹಡಿಯವನು, ಟೆರೇಸ್ ದುರಸ್ತಿಯಾದರೆ ನನಗೂ ಲಾಭ ಇದೆ. ಯಾರೋ ಲಿಫ್ಟಿನಲ್ಲಿ ಪಿಸುಗುಡುವುದನ್ನು ನಾವೇ ದೊಡ್ಡ ಅಕ್ಷರದಲ್ಲಿ ಬರೆದುಬಿಟ್ಟರೆ ಪಿಸುಗುಡಲು ಏನು ಉಳಿಯುತ್ತದೆ?

ಕೊನೆಗೆ ಅನುಭವ. "ಬ್ಯಾಂಕಿನಲ್ಲಿ ಮೂವತ್ತು ವರ್ಷ ಸೇವೆ" ಅಂತ ಹೆಮ್ಮೆಯಿಂದ ಬರೆದೆ. ಹೆಂಡತಿ ಕೇಳಿದಳು: "ಬ್ಯಾಂಕಿನಲ್ಲಿ ಇದ್ದವರಿಗೆ ಟ್ಯಾಂಕ್ ತೊಳೆಸಲಿಕ್ಕೆ ಬರ್ತದಾ?" ಉತ್ತರ ಇರಲಿಲ್ಲ. ಹೊಡೆದು ಹಾಕಿ ಸೊಸೈಟಿಯಲ್ಲೇ ಮಾಡಿದ್ದನ್ನು ನೆನೆದೆ. ಎರಡು ವರ್ಷ ಖಜಾಂಚಿ ಆಗಿದ್ದೆ. ಬಾಕಿ ಇದ್ದ ಏಳು ಮನೆಗಳಿಗೆ ಹೋಗಿ ಕೂತು, ಚಹಾ ಕುಡಿದು, ಕಂತು ಮಾಡಿಕೊಟ್ಟು, ಐದು ಮನೆಯದ್ದನ್ನು ವಸೂಲಿ ಮಾಡಿದ್ದೆ. ಏಳೂ ಅಂತ ಬರೆಯಲು ಮನಸ್ಸಾಯಿತು, ಆದರೆ ಉಳಿದ ಇಬ್ಬರೂ ಇದೇ ಲಿಫ್ಟಿಗೆ ಕಾಯುವವರು.

ಆಮೇಲೆ ಬಾವಿಯ ಪಂಪು. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ರಾತ್ರಿ ಯೋಚಿಸಿದೆ. ನಾನು ಖಜಾಂಚಿ ಇದ್ದಾಗ ಒಂದು ಹೆಚ್‌ಪಿ ಪಂಪು ಸುಟ್ಟು ಹೋಯಿತು. ಬೇಗ ಟ್ಯಾಂಕ್ ತುಂಬಲಿ ಅಂತ ನಾನೇ ಒತ್ತಾಯ ಮಾಡಿ ಎರಡು ಹೆಚ್‌ಪಿಯದ್ದು ಹಾಕಿಸಿದೆ. ಬೇಗ ತುಂಬಿತು, ಎಲ್ಲರೂ ಹೊಗಳಿದರು. ಮೇ ತಿಂಗಳಲ್ಲಿ ಬೆಳಗಿನ ಚಹಾ ಉಪ್ಪಾಯಿತು. ಸಮುದ್ರದ ಪಕ್ಕದ ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಜೋರಾಗಿ ಎಳೆದರೆ ಕೆಳಗಿನದು ಮೇಲೆ ಬರುತ್ತದೆ. ಮತ್ತೆ ಚಿಕ್ಕ ಪಂಪು ತಂದು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಎಳೆಯುವ ಹಾಗೆ ಮಾಡಿದ ಮೇಲೆ, ಅದೂ ಒಂದು ಮಳೆಗಾಲ ಕಳೆದ ಮೇಲೆ, ನೀರು ಸರಿಯಾಯಿತು. ಬರೆದೇಬಿಟ್ಟೆ.

ಹಾಳೆ ಕೊನೆಗೆ ಹೀಗಾಯಿತು:

"ನಮಸ್ಕಾರ. ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದೇನೆ. ಟೆರೇಸ್ ಕೆಲಸವನ್ನು ಜನವರಿಯಲ್ಲಿ ಮಾಡಿಸುವ ಪ್ರಸ್ತಾವವನ್ನು ಮೂರು ಕೊಟೇಶನ್ ಜೊತೆ ನವೆಂಬರ್ ಸಭೆಯ ಮುಂದೆ ಇಡುತ್ತೇನೆ, ಒಪ್ಪುವುದು ಬಿಡುವುದು ಸಭೆಗೆ ಬಿಟ್ಟದ್ದು. ನನ್ನ ಅಂದಾಜಿನಲ್ಲಿ ಮನೆಗೆ 9,000 ರೂ., ಆರು ಕಂತು. ನೀರು ನಿಲ್ಲಿಸಿ ನೋಡಿದ ಮೇಲೆಯೇ ಕಂತ್ರಾಟುದಾರನಿಗೆ ಕೊನೆಯ ಕಂತಿನ ಹಣ ಕೊಡುವುದು. ನಾನು ನಾಲ್ಕನೇ ಮಹಡಿಯವನು, ಇದರಲ್ಲಿ ನನಗೂ ಲಾಭ ಇದೆ. ತಿಂಗಳ ಜಮಾ-ಖರ್ಚು ಮುಂದಿನ ತಿಂಗಳ 10ರೊಳಗೆ ಇದೇ ಬೋರ್ಡಿನಲ್ಲಿ. ಹಿಂದೆ ಎರಡು ವರ್ಷ ಖಜಾಂಚಿ ಆಗಿದ್ದೆ, ಏಳರಲ್ಲಿ ಐದು ಮನೆಯ ಬಾಕಿ ಬಂತು. ದೊಡ್ಡ ಪಂಪು ಹಾಕಿಸಿ ಬಾವಿ ಉಪ್ಪು ಮಾಡಿದ್ದೂ ನಾನೇ."

ಮೊದಲು "ಮಾಡಿಸುತ್ತೇನೆ" ಅಂತ ಬರೆದಿದ್ದೆ, ಅದನ್ನು "ಸಭೆಯ ಮುಂದೆ ಇಡುತ್ತೇನೆ" ಅಂತ ಬದಲಿಸಿದೆ. ಚೆಕ್ಕಿಗೆ ಇಬ್ಬರ ಸಹಿ ಬೇಕಾದ ಸೊಸೈಟಿಯಲ್ಲಿ ಒಬ್ಬನೇ ಏನು ಮಾಡಿಸಲು ಸಾಧ್ಯ.

ಅಂಟಿಸಲು ಹೋದಾಗ ಮಾಸ್ತರೂ ತಮ್ಮ ಹಾಳೆ ಹಿಡಿದು ಬಂದರು. ಸೆಪ್ಟೆಂಬರಿನ ತೇವಕ್ಕೆ ನನ್ನ ಟೇಪು ಹಿಡಿಯಲಿಲ್ಲ, ಅವರೇ ಕಿಸೆಯಿಂದ ಡ್ರಾಯಿಂಗ್ ಪಿನ್ನು ತೆಗೆದು ಕೊಟ್ಟರು. ನನ್ನದನ್ನು ಪೂರ್ತಿ ಓದಿದರು, ಲಿಫ್ಟ್ ಬಂದು ಹೋಯಿತು.

"ಪಂಪಿನ ವಿಷಯ ನೀವೇ ಬರೆದುಬಿಟ್ರಲ್ಲ ಮಾರಾಯ್ರೆ" ಅಂದರು.

"ಯಾಕೆ ಮಾಸ್ತರೇ?"

"ಏನಿಲ್ಲ" ಅಂದು ಕನ್ನಡಕ ಸರಿಮಾಡಿಕೊಂಡು, ಪೆನ್ನು ತೆಗೆದು ತಮ್ಮ ಹಾಳೆಯ ಕೊನೆಯ ಸಾಲನ್ನು ಗೋಡೆಗೆ ಇಟ್ಟೇ ಹೊಡೆದು ಹಾಕತೊಡಗಿದರು.