ಸತ್ಯಾಂಶ: ಕರೆಂಟ್ ಹಾಯಿಸಿದರೆ ಕಂದಾಗುವ ನೀರು

“ಆರ್‌ಒ ಶುದ್ಧೀಕರಣ ಯಂತ್ರ ಮಾರುವವರ ವಿಡಿಯೊದಲ್ಲಿ ಕಂಬಿ ಇಳಿಸಿ ಕರೆಂಟ್ ಕೊಟ್ಟ ತಕ್ಷಣ ನಲ್ಲಿ ನೀರು ಕೊಳಚೆ ಆಯ್ತು, ಆರ್‌ಒ ನೀರು ಹಾಗೇ ಇತ್ತು. ನಮ್ಮನೆಗೆ ಕಾವೇರಿ ನೀರು ಬರುತ್ತೆ, ಆದ್ರೂ ಆರ್‌ಒ ಬೇಕಾ?”

ಆ ಕೊಳಚೆ ಬಂದದ್ದು ನೀರಿನಿಂದಲ್ಲ, ಕಂಬಿಯಿಂದ. ಕರೆಂಟ್ ಹರಿದಾಗ ಕಬ್ಬಿಣದ ಕಂಬಿ ಸವೆದು ತುಕ್ಕಾಗಿ ನೀರಿಗಿಳಿಯುತ್ತದೆ. ನಲ್ಲಿ ನೀರಿನಲ್ಲಿ ಕರಗಿರುವ ಲವಣಗಳಿಂದಾಗಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಹೆಚ್ಚೇನೂ ಆಗುವುದಿಲ್ಲ. ಡೆಮೊ ಮಾಡುವವರಿಗೇ ಹೇಳಿ, ಆರ್‌ಒ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಕಂಬಿ ಇಳಿಸಲಿ. ಅದೂ ಕಂದಾಗುತ್ತದೆ! (ಆ ನೀರು ಕುಡಿಯಬೇಡಿ, ಮನೆಯ ಪ್ಲಗ್ಗಿನಿಂದ ನೀವೇ ಮಾಡಲೂ ಹೋಗಬೇಡಿ.)

ಪ್ರಾಮಾಣಿಕ ಜಾಹೀರಾತು ಇಂಥ ಡೆಮೊ ಬಿಟ್ಟು ಹೀಗೆ ಬರೆಯುತ್ತದೆ: “ಮೊದಲು ನಿಮ್ಮ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಪ್ರಮಾಣ, ಅಳೆಯುತ್ತೇವೆ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದು, ಫ್ಲೋರೈಡ್, ನೈಟ್ರೇಟ್ ತೊಂದರೆ ಇಲ್ಲದಿದ್ದರೆ ಆರ್‌ಒ ಮಾರುವುದಿಲ್ಲ, ಕ್ರಿಮಿ ಕೊಲ್ಲುವ ಯುವಿ ಯಂತ್ರ ಸಾಕು.” 500 ಎನ್ನುವುದು ಭಾರತೀಯ ಮಾನಕ ಐಎಸ್ 10500ರ ಸ್ವೀಕಾರಾರ್ಹ ಮಿತಿ. ಕಾವೇರಿ ನೀರು ಸಾಮಾನ್ಯವಾಗಿ ಇದರೊಳಗೇ ಇರುತ್ತದೆ. ಬೋರ್‌ವೆಲ್ ನೀರು 900 ತೋರಿಸಿದರೆ ಮಾತು ಬೇರೆ, ಅಲ್ಲಿ ಆರ್‌ಒಗೆ ಅರ್ಥವಿದೆ. ಆದರೆ ಹಲವು ಮನೆ ಯಂತ್ರಗಳಲ್ಲಿ 1 ಲೀಟರ್ ಕುಡಿಯುವ ನೀರಿಗೆ 2–3 ಲೀಟರ್ ಮೋರಿಗೆ ಹೋಗುತ್ತದೆ. ಇದನ್ನೂ ಬೆಲೆಯ ಪಕ್ಕದಲ್ಲೇ ಬರೆಯಬೇಕು.

ಒಂದು ಮಾತು, ಟಿಡಿಎಸ್ ಮೀಟರಿಗೆ ಬ್ಯಾಕ್ಟೀರಿಯಾ ಕಾಣುವುದಿಲ್ಲ. 150 ತೋರಿಸುವ ನೀರಿನಲ್ಲೂ ಒಳಚರಂಡಿ ಸೇರಿರಬಹುದು. ಅದಕ್ಕೆ ಲ್ಯಾಬಿನಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಇ. ಕೋಲಿಯ ಪರೀಕ್ಷೆಯೇ ಆಗಬೇಕು.