ಇಳಿಯುವವರು, ಏರುವವರು, ನಡುವೆ ಮೈಕ್ ಹಿಡಿದವರು

ಸಂಘದ ಹಳೆಯ ಅಧ್ಯಕ್ಷರನ್ನು ಬೀಳ್ಕೊಟ್ಟು ಹೊಸಬರನ್ನು ಪರಿಚಯಿಸುವ ಭಾಷಣದಲ್ಲಿ ತಪ್ಪದೇ ಕೇಳಿಬರುವ ಮಾತೊಂದಿದೆ: “ಇವರ ಸ್ಥಾನ ತುಂಬಲು ಯಾರಿಂದಲೂ ಸಾಧ್ಯವಿಲ್ಲ.” ತುಂಬಲೆಂದೇ ಬಂದವರು ಎರಡು ಕುರ್ಚಿ ಆಚೆ ಕೂತಿರುತ್ತಾರೆ. ನೀರಿನ ಬಾಟಲಿಯ ಮುಚ್ಚಳ ಅರ್ಧ ತಿರುಗಿಸಿದ್ದವರು ಹಾಗೇ ಬಿಟ್ಟು, ನಗಬೇಕೋ ಬೇಡವೋ ಎಂದು ಸಭಿಕರತ್ತ ನೋಡುತ್ತಾರೆ.

ಇನ್ನೊಂದು ಅನಾಹುತಕ್ಕೆ ವ್ಯಾಕರಣವೇ ಕಾರಣ. “ಸರಳ ಸಜ್ಜನರಾಗಿದ್ದರು, ಎಲ್ಲರನ್ನೂ ನಗುನಗುತ್ತಾ ಮಾತನಾಡಿಸುತ್ತಿದ್ದರು” ಎಂದು ಭೂತಕಾಲದಲ್ಲಿ ನಾಲ್ಕು ವಾಕ್ಯ ಹೇಳಿ ನೋಡಿ, ಸಭೆ ಎದ್ದು ಒಂದು ನಿಮಿಷ ಮೌನ ಆಚರಿಸಲು ಸಿದ್ಧವಾಗುತ್ತದೆ. ಮಾಡಿ ಮುಗಿಸಿದ ಕೆಲಸ ಮಾತ್ರ ಭೂತಕಾಲದಲ್ಲಿರಲಿ, ಮನುಷ್ಯ ವರ್ತಮಾನದಲ್ಲೇ ಇರಲಿ: “ಸಾಲ ತೀರಿಸಿದರು. ರಸೀದಿ ಇಲ್ಲದ ಖರ್ಚನ್ನು ಇವತ್ತಿಗೂ ಒಪ್ಪುವುದಿಲ್ಲ.”

ಹೊಸಬರನ್ನು ಹೊಗಳುವಾಗ ಎಚ್ಚರ ಬೇಕಾದದ್ದು ‘ಆದರೂ’ ಎಂಬ ಪುಟ್ಟ ಪದದ ಬಗ್ಗೆ. “ಇನ್ನು ಮೇಲಾದರೂ ಲೆಕ್ಕಪತ್ರ ಪಾರದರ್ಶಕವಾಗಲಿದೆ” ಎಂದರೆ ಇಷ್ಟು ದಿನ ಏನಾಗುತ್ತಿತ್ತು ಎಂದು ಹಿಂದಿನ ಸಾಲಿನವರು ಪಿಸುಗುಟ್ಟಲು ಶುರುಮಾಡುತ್ತಾರೆ.

ನಾಲ್ಕು ನಿಮಿಷ ಸಾಕು. ನಿಧಾನವಾಗಿ ಓದಿದರೆ ಸುಮಾರು 350 ಪದ. ಅರ್ಧ ಹಳಬರಿಗೆ, ಅರ್ಧ ಹೊಸಬರಿಗೆ, ನಡುವೆ ಒಂದೇ ಒಂದು ಸೇತುವೆ ವಾಕ್ಯ. ಇಡೀ ಭಾಷಣದ ಭಾರ ಹೊರುವುದು ಅದೇ. ನಿರ್ಗಮಿಸುವವರು ಎಂಟು ವರ್ಷದಲ್ಲಿ ಸಂಘದ ಸಾಲ ತೀರಿಸಿದ್ದಾರೆ, ಬರುವವರು ಖಜಾಂಚಿಯಾಗಿದ್ದವರು ಎಂದುಕೊಳ್ಳಿ. ಆಗ ಹೀಗೆ ಹೇಳಬಹುದು: “ಕೊನೆಯ ಕಂತಿನ ಚೆಕ್ಕಿಗೆ ಎರಡು ಸಹಿ ಬಿದ್ದವು. ಮೊದಲ ಸಹಿಯವರ ಬಗ್ಗೆ ಈವರೆಗೆ ಹೇಳಿದೆ, ಎರಡನೆಯ ಸಹಿಯವರು ಈಗ ಬರುತ್ತಿದ್ದಾರೆ.” ಹಳಬರ ಸಾಧನೆಯೊಳಗೇ ಹೊಸಬರು ಕಾಣಿಸಿಕೊಂಡರು. ಇಬ್ಬರನ್ನೂ ತಕ್ಕಡಿಗೆ ಹಾಕುವ ಪ್ರಮೇಯವೇ ಬರಲಿಲ್ಲ. ಹಾಗೆ ಹೇಳಲು ಒಂದು ಚೆಕ್ಕು, ಒಂದು ಸಭೆ, ಒಟ್ಟಿಗೆ ಆಡಿದ ಒಂದು ಜಗಳ ಯಾವುದಾದರೂ ಸಿಕ್ಕೇ ಸಿಗುತ್ತದೆ; ಹಳೆಯ ನಡಾವಳಿ ಪುಸ್ತಕ ತಿರುವಿ ಹಾಕಬೇಕು ಅಷ್ಟೆ. (ಜಗಳವಾದರೆ ಇಬ್ಬರ ಒಪ್ಪಿಗೆಯೂ ಇರಲಿ.)

ಮುಂದೇನು ಎಂಬುದಕ್ಕೆ ಒಂದೇ ಯೋಜನೆ ಸಾಕು, ಅದೂ ಹಿಂದಿನ ದಿನವೇ ಹೊಸಬರನ್ನು ಕೇಳಿಕೊಂಡು. ಪರಿಚಯಿಸುವವರು ಹುರುಪಿನಲ್ಲಿ ಹೊಸ ಕಟ್ಟಡ ಘೋಷಿಸಿದರೆ, ಕಟ್ಟಬೇಕಾದವರಿಗೆ ಆ ಸುದ್ದಿ ತಿಳಿಯುವುದೂ ಆಗಲೇ.

ಹೆಸರು ಕಟ್ಟಕಡೆಗೆ ಬರಲಿ. ಹೆಸರು ಕಿವಿಗೆ ಬಿದ್ದರೆ ಚಪ್ಪಾಳೆ ಶುರು. ಆಮೇಲೆ ಹೇಳುವ ಪದವಿ, ಅನುಭವ ಎಲ್ಲ ಗದ್ದಲದ ಪಾಲು. ಆ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳುವುದು ಕ್ಷೇಮ. ಎಂಟು ವರ್ಷದಿಂದ “ನಮ್ಮ ಅಧ್ಯಕ್ಷರಾದ” ಎಂದ ಕೂಡಲೇ ಒಂದೇ ಹೆಸರು ಹೇಳಿ ಪಳಗಿದ ನಾಲಿಗೆ ಇವತ್ತೂ ಅದನ್ನೇ ಹೇಳುತ್ತದೆ. ಆಗ ಅಭ್ಯಾಸಬಲದಿಂದ ಹಳಬರು ಏಳುತ್ತಾರೆ, ಸರದಿ ಬಂತೆಂದು ಹೊಸಬರೂ ಏಳುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು “ನೀವು ಹೋಗಿ” ಎನ್ನುತ್ತಾ ನಿಂತಿರುವಾಗ ಫೋಟೊ ತೆಗೆಯುವವರು ಮಾತ್ರ ಕ್ಲಿಕ್ಕಿಸುತ್ತಲೇ ಇರುತ್ತಾರೆ.