ಒಂದು ತಿರುಪಿನ ಕಾವಲಿಗೆ ಏಳು ಸಾವಿರ

ಏಪ್ರಿಲ್ 1ರಂದು ನನ್ನನ್ನು ಬೇರೆ ಯಾರೂ ಮೂರ್ಖನನ್ನಾಗಿ ಮಾಡಬೇಕಿಲ್ಲ. ಆ ಕೆಲಸವನ್ನು ಬ್ಯಾಂಕ್ ವಹಿಸಿಕೊಂಡಿದೆ. ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ಮೊಬೈಲಿಗೆ ಮೆಸೇಜು ಬಂದಿರುತ್ತದೆ. ಲಾಕರ್ ಬಾಡಿಗೆ 3,000, ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 540, ಒಟ್ಟು 3,540 ರೂಪಾಯಿ ಕಟ್. ಅವತ್ತು ವರ್ಷದ ಲೆಕ್ಕ ಮುಗಿಸುವ ದಿನ ಅಂತ ಬ್ಯಾಂಕು ಗಿರಾಕಿಗಳಿಗೆ ಬಾಗಿಲು ತೆರೆಯುವುದಿಲ್ಲ. ಕಟ್ ಆಗುವುದಕ್ಕೆ ಮಾತ್ರ ರಜೆ ಇಲ್ಲ.

ದುಡ್ಡು ಹೋಯಿತಲ್ಲ ಅನ್ನುವುದು ನನ್ನ ದುಃಖ ಅಲ್ಲ. ಆ ಲಾಕರಿನಲ್ಲಿ ಏನೂ ಇರಲಿಲ್ಲ ಅನ್ನುವುದು ದುಃಖ. ಹಿಂದಿನ ವರ್ಷ ಜನವರಿಯಲ್ಲೇ ನಾವು ಗಂಡ ಹೆಂಡತಿ ಹೋಗಿ ಎಲ್ಲ ತೆಗೆದುಕೊಂಡು ಬಂದಿದ್ದೆವು. ಬರುವಾಗ ಅಲ್ಲಿದ್ದ ಸಿಬ್ಬಂದಿಗೆ "ಖಾಲಿ ಮಾಡಿದ್ವಿ" ಅಂತ ಹೇಳಿಯೂ ಇದ್ದೆ. ಅವರು ತಲೆಯಾಡಿಸಿದ್ದರು. ತಲೆಯಾಡಿಸುವುದು ಬ್ಯಾಂಕಿನ ದಾಖಲೆಯಲ್ಲಿ ಬರುವುದಿಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ಲಾಕರ್ ಖಾಲಿ ಮಾಡುವುದು ಬೇರೆ, ಲಾಕರ್ ಬಿಡುವುದು ಬೇರೆ. ಒಳಗೆ ಚಿನ್ನ ಇದೆಯೋ ಗಾಳಿ ಇದೆಯೋ ಬ್ಯಾಂಕಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕೀಲಿ ನಿಮ್ಮ ಹತ್ತಿರ ಇರುವ ತನಕ ಬಾಡಿಗೆದಾರರು ನೀವೇ. ನಮ್ಮ ಕೀಲಿ ಮನೆಯ ಬೀರುವಿನಲ್ಲಿ ಆರಾಮಾಗಿ ನೇತಾಡುತ್ತಿತ್ತು. ಹಾಗೆ ಎರಡು ಏಪ್ರಿಲ್ ಕಳೆದವು. 7,080 ರೂಪಾಯಿ.

ಗೆಳೆಯರೊಬ್ಬರು ಉಪಾಯ ಹೇಳಿಕೊಟ್ಟರು. "ಸುಮ್ನೆ ಆ ಖಾತೆಯಲ್ಲಿ ದುಡ್ಡೇ ಇಡಬೇಡಿ. ಎಲ್ಲಿಂದ ಕಟ್ ಮಾಡ್ತಾರೆ?" ಕೇಳಲು ಚೆನ್ನಾಗಿದೆ. ಆದರೆ ಖಾತೆ ಬರಿದಾದರೆ ಲಾಕರ್ ನಿಲ್ಲುವುದಿಲ್ಲ, ಬಾಕಿ ಶುರುವಾಗುತ್ತದೆ. ಮೂರು ವರ್ಷ ಸತತ ಬಾಡಿಗೆ ಬಾರದಿದ್ದರೆ ನೋಟಿಸು ಕೊಟ್ಟು ಲಾಕರ್ ಒಡೆಯಲು ಬ್ಯಾಂಕಿಗೆ ಅಧಿಕಾರವಿದೆ. ಒಡೆಯುವ ಖರ್ಚೂ ನಮ್ಮದೇ. ಅದಕ್ಕೆಂದೇ ಲಾಕರ್ ಕೊಡುವಾಗ ಒಂದು ಎಫ್‌ಡಿ ಇಡಿಸಿಕೊಂಡಿರುತ್ತಾರೆ. ಮೂರು ವರ್ಷದ ಬಾಡಿಗೆ ಮತ್ತು ಒಡೆಯುವ ಖರ್ಚಿಗೆ ಸಾಕಾಗುವಷ್ಟು. ಅಂದರೆ ಮದುವೆಯ ದಿನವೇ ವಿಚ್ಛೇದನದ ಖರ್ಚು ಕಟ್ಟಿಸಿಕೊಂಡ ಹಾಗೆ. ನನ್ನದೂ ಒಂದು ಎಫ್‌ಡಿ ಅಲ್ಲಿ ಸಿಕ್ಕಿಹಾಕಿಕೊಂಡಿತ್ತು. ಗೆಳೆಯರ ಉಪಾಯ ಕೈಬಿಟ್ಟೆ.

ಜೂನ್‌ನಲ್ಲಿ ಬ್ಯಾಂಕಿಗೆ ಹೋದೆ. "ಲಾಕರ್ ಬಿಡಬೇಕು" ಎಂದೆ.

"ಲಾಕರ್ ನೋಡ್ಕೊಳ್ಳೋ ಮೇಡಂ ರಜೆಯಲ್ಲಿದ್ದಾರೆ ಸರ್."

ಲಾಕರ್ ತೆಗೆದುಕೊಂಡ ದಿನ ನೆನಪಾಯಿತು. ಅವತ್ತು ಯಾರೂ ರಜೆಯಲ್ಲಿರಲಿಲ್ಲ. ಮ್ಯಾನೇಜರ್ರೇ ಎದ್ದು ಬಂದು ಕುರ್ಚಿ ಎಳೆದು ಕೊಟ್ಟಿದ್ದರು.

ಎರಡನೇ ಸಲ ಮೇಡಂ ಇದ್ದರು. "ಜಂಟಿ ಲಾಕರ್ ಅಲ್ವಾ ಸರ್, ನಿಮ್ಮ ಮನೆಯವರೂ ಬಂದು ಸಹಿ ಹಾಕ್ಬೇಕು. ಅಗ್ರಿಮೆಂಟ್ ಕಾಪಿನೂ ತನ್ನಿ." ಅಗ್ರಿಮೆಂಟಿನ ಒಂದು ಪ್ರತಿ ಅವರ ಹತ್ತಿರವೇ ಇರಬೇಕಲ್ಲ ಎಂದೆ. "ಇದೆ ಸರ್, ಹುಡುಕ್ಬೇಕು" ಎಂದರು. ಲಕ್ಷಾಂತರ ರೂಪಾಯಿಯ ಒಡವೆ ಜೋಪಾನ ಮಾಡುವ ಕಟ್ಟಡದಲ್ಲಿ ಒಂದು ಸ್ಟಾಂಪ್ ಪೇಪರ್ ಹುಡುಕಬೇಕಂತೆ. ಇರಲಿ. ನಮ್ಮ ಪ್ರತಿ ಬೀರುವಿನಲ್ಲಿ ಕೀಲಿಯ ಪಕ್ಕದಲ್ಲೇ ಸಿಕ್ಕಿತು.

ಮೂರನೇ ಸಲ ಜೂನ್ 30ರಂದು ಇಬ್ಬರೂ ಹೋದೆವು. ಸರೆಂಡರ್ ಫಾರಂ ತುಂಬಿ, ರಿಜಿಸ್ಟರಿಗೆ ಸಹಿ ಹಾಕಿ ಒಳಗೆ ಹೋದೆವು. ಮೇಡಂ ಮೊದಲು ತಮ್ಮ ಕೀಲಿ ಹಾಕಿ ತಿರುಗಿಸಿದರು, ಆಮೇಲೆ ನಾವು ನಮ್ಮದನ್ನು. 47ನೇ ನಂಬರಿನ ಪುಟ್ಟ ಬಾಗಿಲು ತೆರೆಯಿತು. "ಖಾಲಿ ಇದೆ" ಎಂದೆ, ಗೆದ್ದವನ ಹಾಗೆ.

"ಡಬ್ಬಿ ಪೂರ್ತಿ ಹೊರಗೆ ಎಳೀರಿ ಸರ್" ಎಂದರು ಮೇಡಂ. ಇಷ್ಟು ವರ್ಷ ಆ ತಗಡಿನ ಡಬ್ಬಿಯನ್ನು ನಾವು ಅರ್ಧ ಎಳೆದು ಒಳಗೆ ಕೈ ಹಾಕುತ್ತಿದ್ದೆವು, ಅಷ್ಟೆ. ಪೂರ್ತಿ ಎಳೆದು ಮೊಬೈಲಿನ ಟಾರ್ಚ್ ಬಿಟ್ಟರೆ, ಹಿಂಬದಿಯ ಗೋಡೆಗೂ ತಳಕ್ಕೂ ನಡುವಿನ ಸಂದಿಯಲ್ಲಿ ಏನೋ ಮಿನುಗಿತು. ನನ್ನ ಹೆಂಡತಿಯ ಓಲೆಯ ತಿರುಪು. ಎಂಟು ವರ್ಷದ ಹಿಂದೆ ಕಳೆದದ್ದು. ಕಳೆದವನು ನಾನು ಅಂತ ಎಂಟು ವರ್ಷದಿಂದ ತೀರ್ಮಾನ ಆಗಿತ್ತು. ಆ ಸಂದಿಯಲ್ಲಿ ಮೂಗುಬೊಟ್ಟು, ತಿರುಪು, ಸರದ ಕೊಂಡಿ ಎಲ್ಲ ಹೋಗಿ ಕೂರುತ್ತವೆ ಅಂತ ಮೇಡಂ ಹೇಳಿದರು. ಡಬ್ಬಿ ಅರ್ಧ ಎಳೆಯುವವರಿಗೆ ಅವು ಕಾಣುವುದೇ ಇಲ್ಲ. ಕೀಲಿ ಕೊಟ್ಟು ಬಂದ ಮೇಲೆ ನೆನಪಾದರೆ ಆ ಬಾಗಿಲು ಮತ್ತೆ ತೆರೆಯುವುದು ಇನ್ಯಾರದೋ ಎದುರಿಗೆ.

ಅಂತೂ ಎರಡು ಏಪ್ರಿಲ್‌ನಿಂದ ನಾನು 7,080 ರೂಪಾಯಿ ಕೊಟ್ಟದ್ದು ಗಾಳಿಗಲ್ಲ, ಒಂದು ತಿರುಪಿಗೆ. ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು. ನನ್ನ ಲೆಕ್ಕದಲ್ಲಿ 3 ಲಕ್ಷ. ಇಷ್ಟು ಭದ್ರವಾಗಿ ಬದುಕಿದ ತಿರುಪು ಬೇರೊಂದಿರಲಾರದು.

ಕೀಲಿ ಕೊಟ್ಟೆವು. ಅದರ ಮೇಲೆ ಕೆತ್ತಿದ ನಂಬರನ್ನು ರಿಜಿಸ್ಟರಿನ ಜೊತೆ ಹೋಲಿಸಿ ನೋಡಿಕೊಂಡರು. ಲಾಕರ್ ಬಿಟ್ಟ ಮೇಲೆ ಆ ಬೀಗವನ್ನು ಬದಲಿಸಬೇಕು ಅಂತ ನಿಯಮವಿದೆ, ಹಳೇ ಕೀಲಿ ಹೊಸಬರ ಬಾಗಿಲಿಗೆ ಹೊಂದಬಾರದಲ್ಲ. ಕೀಲಿ ಕಳೆದುಕೊಂಡವರ ಪಾಡು ಇನ್ನೂ ಚೆಂದ. ಲಾಕರ್ ತಯಾರಿಸಿದ ಕಂಪನಿಯವರು ಬಂದು ಒಡೆಯಬೇಕು, ಬಿಲ್ಲು ನಮ್ಮ ಹೆಸರಿಗೆ. ಖಾಲಿ ಲಾಕರನ್ನು ಖಾಲಿ ಅಂತ ತೋರಿಸಲು ಸಾವಿರಾರು ರೂಪಾಯಿ.

ಆಮೇಲೆ ನಾನು ರಿಫಂಡ್ ಕೇಳಿದೆ. ಮೇಡಂ ನನ್ನ ಮುಖ ನೋಡಿದರು. ಹೋಟೆಲಿನಲ್ಲಿ ಅರ್ಧ ತಿಂದ ದೋಸೆ ವಾಪಸ್ ಕೊಟ್ಟು ದುಡ್ಡು ಕೇಳಿದವನನ್ನು ನೋಡುವ ಹಾಗೆ.

"ಹಂಗೆಲ್ಲ ಬರಲ್ಲ ಸರ್. ಬಾಡಿಗೆ ವರ್ಷಕ್ಕೇ."

ಬರುತ್ತದೆ. 2021ರ ಆಗಸ್ಟ್ 18ರಂದು ಆರ್‌ಬಿಐ ಲಾಕರ್ ಬಗ್ಗೆ ಹೊರಡಿಸಿದ ಸೂಚನೆಯಲ್ಲಿ ಇದು ಸ್ಪಷ್ಟವಾಗಿದೆ. ಮುಂಗಡ ಬಾಡಿಗೆ ಕಟ್ಟಿಸಿಕೊಂಡ ಮೇಲೆ ಗ್ರಾಹಕರು ಲಾಕರ್ ಬಿಟ್ಟರೆ, ಉಳಿದ ಅವಧಿಯ ಬಾಡಿಗೆಯನ್ನು ವಾಪಸ್ ಕೊಡಬೇಕು. ನನ್ನದು ಏಪ್ರಿಲ್, ಮೇ, ಜೂನ್ ಮೂರು ತಿಂಗಳು ಬಳಕೆ. ಒಂಬತ್ತು ತಿಂಗಳು ಬಾಕಿ. 3,000ದಲ್ಲಿ 2,250 ರೂಪಾಯಿ ನನಗೆ ಬರಬೇಕು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಸುತ್ತೋಲೆಯ ದಿನಾಂಕ ಹಾಕಿ, ಸ್ವೀಕೃತಿ ಸಹಿ ಕೇಳಿದೆ. ಬ್ಯಾಂಕಿನಲ್ಲಿ ಬಾಯಿಮಾತಿಗೆ ಉತ್ತರ "ಬರಲ್ಲ", ಕಾಗದಕ್ಕೆ ಉತ್ತರ "ನೋಡ್ತೀವಿ". ಲಿಖಿತ ದೂರಿಗೆ 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು ಅನ್ನುವುದು ಅವರಿಗೂ ಗೊತ್ತು. ಹನ್ನೆರಡನೇ ದಿನಕ್ಕೆ 2,250 ಬಂತು. ಎಫ್‌ಡಿ ಮೇಲೆ ಬ್ಯಾಂಕು ಹಾಕಿಕೊಂಡಿದ್ದ ತಡೆ, ಅಂದರೆ ಲೀನ್, ತೆಗೆಸಲು ಬೇರೆ ಅರ್ಜಿ ಬೇಕಾಯಿತು. ಅದನ್ನು ಬರೆಯಲು ಹೋಗುವುದಿಲ್ಲ, ಓದುವವರಿಗೂ ಕರುಣೆ ಬೇಕು.

ಕಥೆ ಮುಗಿಯಿತು ಅಂದುಕೊಂಡೆ. ಮುಂದಿನ ಏಪ್ರಿಲ್ 1 ಬಂತು. ಮೆಸೇಜು ಬಂತು. 3,540 ಕಟ್.

ಬ್ಯಾಂಕು ಬಾಗಿಲು ತೆರೆದ ದಿನವೇ ಇಬ್ಬರೂ ಓಡಿದೆವು. ಮೇಡಂ ಕಂಪ್ಯೂಟರಿನಲ್ಲಿ 47 ಅಂತ ಹೊಡೆದರು. "ಈ ಲಾಕರ್ ಬೇರೆಯವರ ಹೆಸರಲ್ಲಿದೆ ಸರ್."

"ಗೊತ್ತು ಮೇಡಂ. ದುಡ್ಡು ನನ್ನ ಹೆಸರಲ್ಲಿ ಹೋಗ್ತಿದೆ."

"ನಿಮ್ಮ ಹೆಸರಲ್ಲಿ ಲಾಕರೇ ಇಲ್ಲವಲ್ಲ?"

"ಅದಕ್ಕೇ ಬಂದಿದ್ದು."

"ಲಾಕರ್ ಇಲ್ಲದೆ ಲಾಕರ್ ಕಂಪ್ಲೇಂಟ್ ಹೇಗೆ ಸರ್ ತಗೊಳ್ಳೋದು?"

ವಿಷಯ ಏನೆಂದರೆ, ಲಾಕರ್ ಒಂದು ಕಡೆ, ಅದರ ಬಾಡಿಗೆ ಎಳೆಯುವ ಆದೇಶ ಇನ್ನೊಂದು ಕಡೆ. ಆ ಆದೇಶಕ್ಕೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅನ್ನುತ್ತಾರೆ. ಅದು ಅಂಟಿಕೊಂಡಿದ್ದದ್ದು ಲಾಕರಿಗಲ್ಲ, ನನ್ನ ಉಳಿತಾಯ ಖಾತೆಗೆ. ಜೂನ್‌ನಲ್ಲಿ ಮೇಡಂ ಲಾಕರ್ ಮುಚ್ಚಿದ್ದರು. ಆದೇಶವನ್ನು ಯಾರೂ ಮುಟ್ಟಿರಲಿಲ್ಲ. ಯಜಮಾನ ಊರು ಬಿಟ್ಟ ಮೇಲೂ ಆಳು ಪ್ರತಿವರ್ಷ ಬಂದು ಗೇಣಿ ವಸೂಲಿ ಮಾಡುವ ಹಾಗೆ. ಕೀಲಿ ಕೊಟ್ಟ ದಿನವೇ ಕಾಗದದಲ್ಲಿ ಮೂರು ಸಾಲು ಬರೆಸಿಕೊಂಡಿದ್ದರೆ ಇದು ತಪ್ಪುತ್ತಿತ್ತು. ಇಂಥ ನಂಬರಿನ ಲಾಕರ್ ಇಂಥ ದಿನ ಬಿಟ್ಟಿದ್ದಾರೆ, ಬಾಕಿ ಇಲ್ಲ, ಬಾಡಿಗೆಯ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ರದ್ದಾಗಿದೆ. ನನ್ನ ಸ್ವೀಕೃತಿಯಲ್ಲಿ ಮೊದಲ ಎರಡು ಸಾಲು ಇದ್ದವು. ಆದರೂ ಆ ಎರಡು ಸಾಲು, ಸೀಲು, ಸಹಿ ಇಲ್ಲದಿದ್ದರೆ ಅವತ್ತು ನಾನು ಲಾಕರಿಲ್ಲದ ಲಾಕರ್‌ದಾರನಾಗಿಯೇ ಮನೆಗೆ ಬರಬೇಕಿತ್ತು.

ಮೇಡಂ ಎಲ್ಲಿಗೋ ಫೋನ್ ಮಾಡಿದರು. ಆ ಕಡೆಯವರು ಕೇಳಿದ್ದು ನನಗೂ ಕೇಳಿಸಿತು. "ಲಾಕರ್ ನಂಬರ್ ಹೇಳಿ."

"ಲಾಕರ್ ನಂಬರ್ ಬಿಡಿ ಮೇಡಂ," ಎಂದೆ, "ನನ್ನ ಖಾತೆ ನಂಬರ್ ಹಾಕಿ ನೋಡಿ."

ಹಾಕಿದರು. ಖಾತೆಯ ಹೆಸರಿನಲ್ಲಿದ್ದ ಆದೇಶಗಳ ಪಟ್ಟಿ ಬಂತು. ಒಂದೇ ಸಾಲು ಇತ್ತು. ಮೇಡಂ ರದ್ದು ಮಾಡಿದರು, ಪಕ್ಕದ ಟೇಬಲಿನವರು ಒಪ್ಪಿಗೆ ಒತ್ತಿದರು. ಒಂದೂವರೆ ನಿಮಿಷ. ತಪ್ಪಾಗಿ ಕಟ್ ಆದದ್ದು ನಾಲ್ಕು ದಿನದಲ್ಲಿ ವಾಪಸ್ ಬಂತು.

ರದ್ದು ಮಾಡುವ ಮುಂಚೆ ಒಂದು ಕ್ಷಣ ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದ್ದರು. ಆದೇಶ ಶುರುವಾದ ದಿನ ಸರಿಯಾಗಿತ್ತು. ಅದರ ಪಕ್ಕದಲ್ಲಿ ಮುಗಿಯುವ ದಿನ ಇತ್ತು: 31-12-2099.

ನನ್ನ ಹೆಂಡತಿ ಬೆರಳಿನಲ್ಲಿ ಲೆಕ್ಕ ಹಾಕಿ, "ರೀ, ಆಗ ನಿಮಗೆ ನೂರಾ ಇಪ್ಪತ್ತೇಳು" ಎಂದಳು.

"ಅದು ಡೀಫಾಲ್ಟ್ ಸರ್," ಎಂದರು ಮೇಡಂ, "ಎಲ್ಲರಿಗೂ ಅದೇ ಬರುತ್ತೆ."